ಮುದ್ದೆಯೊಳಗೆ ಏನೂ ಇಲ್ಲ

ಬಿಸಿ ಮುದ್ದೆಯನ್ನು ಮುಂದಿಟ್ಟುಕೊಂಡು, ಚಾಕು ತರಿಸಿ, ಕಲ್ಲಂಗಡಿ ಕೊಯ್ದ ಹಾಗೆ ಎರಡು ಹೋಳು ಮಾಡಿ, ಒಳಗೆ ಹೂರಣ ಎಲ್ಲಿದೆ ಎಂದು ದೂರದೇಶದಿಂದ ಬಂದ ದೊಡ್ಡ ಮನುಷ್ಯರು ಬಗ್ಗಿ ಬಗ್ಗಿ ನೋಡಿದ್ದನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರನ್ನು ಹಾಗೆ ಹುಡುಕಲು ಹಚ್ಚಿದ ಮಹಾನುಭಾವನೂ ನಾನೇ. ಬೇರೆಯವರು ಹೇಳಿ ನಗುವ ಮೊದಲು ನಾನೇ ಹೇಳಿಬಿಡುವುದು ಮರ್ಯಾದೆ.

ದೇವರಾಯಸಮುದ್ರದ ಹತ್ತಿರ ಹೆದ್ದಾರಿಯ ಪಕ್ಕದಲ್ಲಿ ನಮ್ಮ ದೊಡ್ಡಮ್ಮನ ಮುದ್ದೆ ಊಟದ ಹೋಟೆಲು ಇದೆ. ಒಲೆ ದೊಡ್ಡಮ್ಮನದು, ಗಲ್ಲಾಪೆಟ್ಟಿಗೆ ದೊಡ್ಡಪ್ಪನದು. ನಾನು ಡಿಗ್ರಿ ಮುಗಿಸಿ, ಕೆಲಸ ಹುಡುಕುತ್ತಿದ್ದೇನೆ ಎಂದು ಎಲ್ಲರಿಗೂ ಹೇಳಿಕೊಂಡು, ಅಲ್ಲಿ ಎಲೆ ಹಾಕುತ್ತಿದ್ದೆ. ನನಗೆ ಇಂಗ್ಲಿಷು ಚೆನ್ನಾಗಿ ಬರುತ್ತದೆ ಎಂಬುದು ನಮ್ಮ ಮನೆಯವರ ಗಟ್ಟಿ ನಂಬಿಕೆ. ನಿಜ ಏನೆಂದರೆ, ನನಗೆ ಬರುವುದು ಇಂಗ್ಲಿಷಲ್ಲ, ಇಂಗ್ಲಿಷು ಮಾತಾಡುವವರ ಅನುಕರಣೆ. ವಿಮಾನದ ಗಗನಸಖಿ, ಟೀವಿಯಲ್ಲಿ ಅಡುಗೆಗೆ ಅಂಕ ಕೊಡುವ ಗಡ್ಡದ ಬಾಣಸಿಗ, ನಮ್ಮ ಕಾಲೇಜಿನ ಪ್ರಿನ್ಸಿಪಾಲರು, ಯಾರನ್ನು ಬೇಕಾದರೂ ಮಾಡಿ ತೋರಿಸುತ್ತೇನೆ. ಅವರು ಏನು ಹೇಳುತ್ತಾರೆ ಎಂಬುದು ಮಾತ್ರ ಕೇಳಬೇಡಿ.

ಆ ದಿನಗಳಲ್ಲಿ ಮನೆಯೊಳಗೆ ಒಂದು ತಣ್ಣನೆಯ ಯುದ್ಧ ನಡೆಯುತ್ತಿತ್ತು. ಹೆದ್ದಾರಿಯಲ್ಲಿ ಹೋಗುವ ಕಾರಿನವರು ಈಗ ಮುದ್ದೆಗೆ ನಿಲ್ಲುವುದಿಲ್ಲ, ಮಕ್ಕಳು ನೂಡಲ್ಸು, ಗೋಬಿ ಮಂಚೂರಿ ಕೇಳುತ್ತವೆ ಎಂದು ದೊಡ್ಡಪ್ಪ ಹಟ ಹಿಡಿದಿದ್ದರು. ಮಾಲೂರಿನ ಕ್ಯಾಂಟೀನೊಂದರಲ್ಲಿದ್ದ ಚೈನೀಸ್ ಮಾಸ್ಟರೊಬ್ಬನಿಗೆ ಮಾತು ಕೊಟ್ಟೂ ಆಗಿತ್ತು. ಅವನು ಬಂದರೆ ದೊಡ್ಡಮ್ಮನ ಒಲೆ ಅವನ ಪಾಲು. ದೊಡ್ಡಮ್ಮ ಸಾಮಾನ್ಯವಾಗಿ ಜಗಳ ಆಡುವವಳಲ್ಲ. ಸೌಟನ್ನು ಪಾತ್ರೆಯ ಅಂಚಿಗೆ ಸ್ವಲ್ಪ ಜೋರಾಗಿ ತಟ್ಟುತ್ತಾಳೆ, ಅಷ್ಟೆ. ಆ ವಾರವೆಲ್ಲ ನಮ್ಮ ಅಡುಗೆಮನೆಯಿಂದ ತಮಟೆ ಸದ್ದು ಕೇಳುತ್ತಿತ್ತು.

ಅಂಥ ಹೊತ್ತಿಗೆ ಬೆಂಗಳೂರಿನಿಂದ ಒಬ್ಬ ಮೇಡಂ ಬಂದರು. ಹೊರದೇಶದವರನ್ನು ಆವನಿಯ ದೇವಸ್ಥಾನ ನೋಡಲು ಕರೆತರುವುದು ಅವರ ಕೆಲಸ. ಬಸ್ಸಾರಿನಲ್ಲಿ ಮುದ್ದೆ ಉಂಡು, ಕೈ ತೊಳೆದು, ಸೀದಾ ಅಡುಗೆಮನೆ ಬಾಗಿಲಿಗೆ ಹೋಗಿ ದೊಡ್ಡಮ್ಮನಿಗೆ ಹೇಳಿದರು.

"ಅಮ್ಮ, ನಮ್ಮ ಜನಾನ ಪ್ರತಿ ಶನಿವಾರ ಮಧ್ಯಾಹ್ನ ಇಲ್ಲಿಗೇ ಕರ್ಕೊಂಡ್ಬರ್ತೀನಿ. ಆದ್ರೆ ಊಟದ ಪಟ್ಟಿ ಎರಡು ಭಾಷೇಲೂ ಇರ್ಬೇಕು, ಒಂದೇ ಸಾಲಲ್ಲಿ ಅಕ್ಕಪಕ್ಕ. ಅವ್ರು ಇಂಗ್ಲಿಷ್ ಮೇಲೆ ಬೆರಳಿಟ್ರೆ ನಿಮ್ಮ ಹುಡುಗ್ರು ಪಕ್ಕದಲ್ಲಿರೋ ಕನ್ನಡ ಓದ್ಕೊಂಡು ತಂದ್ಕೊಡ್ಬೇಕು. ಯಾವ್ದರಲ್ಲಿ ಏನೇನಿದೆ ಅನ್ನೋದೂ ಬರೀಬೇಕು. ಬರೋರಲ್ಲಿ ಕೆಲವರಿಗೆ ಕೆಲವು ಆಗಲ್ಲ."

ದೊಡ್ಡಮ್ಮ ನನ್ನ ಕಡೆ ನೋಡಿದಳು. ನಾನು ಗಡ್ಡದ ಬಾಣಸಿಗನ ಹಾಗೆ ಎದೆ ಉಬ್ಬಿಸಿ ನಿಂತೆ. ಕೆಲಸ ನನ್ನ ತಲೆಗೆ ಬಿತ್ತು.

ಬರೆಯಲು ಕೂತಾಗ ನನ್ನ ಮುಂದೆ ಎರಡು ದಾರಿಗಳಿದ್ದವು. ಒಂದು, ತಿನ್ನುವವರಿಗೆ ಅರ್ಥವಾಗುವಂತೆ ಬರೆಯುವುದು. ಇನ್ನೊಂದು, ಓದಿದವರು 'ಅಬ್ಬಾ ಯಾರಪ್ಪ ಇವನು' ಅನ್ನುವಂತೆ ಬರೆಯುವುದು. ನಾನು ಎರಡನೆಯದನ್ನು ಹಿಡಿದೆ. ದೊಡ್ಡ ಹೋಟೆಲುಗಳ ಪಟ್ಟಿಗಳನ್ನು ಫೋನಿನಲ್ಲಿ ನೋಡಿ ನೋಡಿ, ಆ ಧಾಟಿಯನ್ನು ಬಾಯಿಪಾಠ ಮಾಡಿ, ಮುದ್ದೆಗೆ 'ಫಿಂಗರ್ ಮಿಲೆಟ್ ಡಂಪ್ಲಿಂಗ್' ಎಂದು ಹೆಸರಿಟ್ಟೆ. ಡಂಪ್ಲಿಂಗ್ ಎಂದರೆ ಎಷ್ಟೋ ಜನ ಒಳಗೆ ಏನೋ ತುಂಬಿದ ಕಡುಬು ಎಂದುಕೊಳ್ಳುತ್ತಾರೆ ಎಂದು ನನಗೆ ಯಾರು ಹೇಳಬೇಕು? ಉಪ್ಸಾರು 'ಸಾಲ್ಟ್ ಸೂಪ್' ಆಯಿತು. ಬಸಿದು ಮಾಡುವ ಬಸ್ಸಾರು 'ಡ್ರೈನ್ಡ್ ಕರಿ' ಆಯಿತು. ಹುಚ್ಚೆಳ್ಳಿನ ಪುಡಿ 'ಮ್ಯಾಡ್ ಸೆಸಮಿ ಪೌಡರ್' ಆಯಿತು. ಅಸಲು ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಎಲ್ಲೂ ಬರೆಯಲಿಲ್ಲ. ಇಂಗ್ಲಿಷಿಗೆ ಬಂದಮೇಲೆ ಬಸ್ಸಾರನ್ನು ಬಸ್ಸಾರು ಎಂದೇ ಕರೆಯುವುದು ನನ್ನ ಡಿಗ್ರಿಗೆ ಅವಮಾನ ಅಲ್ಲವೇ?

ಏನೇನಿದೆ ಎಂಬ ಭಾಗಕ್ಕೆ ದೊಡ್ಡಮ್ಮನನ್ನು ಕೇಳಿದೆ.

"ದೊಡ್ಡಮ್ಮ, ಬಸ್ಸಾರಿಗೆ ಏನೇನ್ ಹಾಕ್ತೀಯ?"

"ಕಾಳು, ಸೊಪ್ಪು, ಕಾರ."

"ಆಮೇಲೆ?"

"ಆಮೇಲೇನ್ಲಾ? ಬಡಿಸ್ತೀನಿ."

ಹಾಗೇ ಬರೆದುಕೊಂಡೆ. ಯಾವ ಸೊಪ್ಪು ಎಂದು ಕೇಳಿದ್ದಕ್ಕೆ, "ಸುಗಟೂರಿಂದ ಬೆಳಗ್ಗೆ ಬಸ್ಸಲ್ಲಿ ಏನ್ ಬರುತ್ತೋ ಅದು" ಎಂದಳು. ಅದನ್ನು ಬರೆಯುವುದು ಹೇಗೆ? 'ಗಾರ್ಡನ್ ಫ್ರೆಶ್ ಸ್ಪಿನಾಚ್' ಎಂದು ಹಾಕಿದೆ. ಪಾಲಕ್ ಸೊಪ್ಪು ನಮ್ಮ ಅಡುಗೆಮನೆಯ ಹೊಸ್ತಿಲು ದಾಟಿದ್ದನ್ನು ಇವತ್ತಿನವರೆಗೂ ನಾನು ನೋಡಿಲ್ಲ.

ಕೋಲಾರಕ್ಕೆ ಹೋಗಿ ಅಚ್ಚು ಹಾಕಿಸಿ, ಪ್ಲಾಸ್ಟಿಕ್ಕಿನ ಹೊದಿಕೆ ಮಾಡಿಸಿ ತಂದೆ. ದೊಡ್ಡಪ್ಪ ಹಾಳೆಯನ್ನು ತಲೆಕೆಳಗು ಹಿಡಿದು, ನಮ್ಮ ಗಡಿಸೀಮೆಯ ತೆಲುಗಿನಲ್ಲಿ ಮೆಚ್ಚಿ, "ಬಾಗುಂದಿ, ಬಾಗುಂದಿ. ಇದ್ರಲ್ಲೇ ಕೆಳಗೆ ನೂಡಲ್ಸ್‌ಗೆ ಒಂದು ಸಾಲು ಜಾಗ ಬಿಡ್ಬೇಕಿತ್ತು ಕಣೋ" ಎಂದರು. ಒಳಗಿನಿಂದ ಸೌಟಿನ ಸದ್ದು ಕೇಳಿತು.

ಶುಕ್ರವಾರ ಮೇಡಂ ಫೋನು ಮಾಡಿದರು. ನಾಳೆ ಬರುವವರಲ್ಲಿ ಒಬ್ಬ ಹೆಂಗಸಿಗೆ ಕಡಲೆಕಾಯಿ ಆಗುವುದಿಲ್ಲ, ಚೂರು ಹೊಟ್ಟೆಗೆ ಹೋದರೂ ಗಂಟಲು ಊದಿಕೊಂಡು ಉಸಿರು ಕಟ್ಟುತ್ತದೆ, ಸೂಜಿಮದ್ದು ಜೊತೆಯಲ್ಲೇ ಇಟ್ಟುಕೊಂಡು ತಿರುಗುತ್ತಾರೆ ಎಂದರು. ನಾನು ಫೋನು ಹಿಡಿದುಕೊಂಡೇ ಒಳಗೆ ಕೂಗಿದೆ.

"ದೊಡ್ಡಮ್ಮ, ಕಡ್ಲೆಕಾಯಿ ಯಾವ್ಯಾವ್ದಕ್ಕೆ ಹಾಕ್ತೀಯ?"

"ಚಟ್ನಿಗೆ. ಇನ್ಯಾವ್ದಕ್ಕೂ ಇಲ್ಲ."

"ಚಟ್ನಿ ನಾಳೆ ಬೇಡ!"

"ಆಯ್ತು ಬಿಡು, ಮಾಡಲ್ಲ."

"ನೋ ಪ್ರಾಬ್ಲಂ ಮೇಡಂ," ಎಂದು ಗಗನಸಖಿಯ ದನಿಯಲ್ಲಿ ಹೇಳಿ ಫೋನಿಟ್ಟೆ.

ಶನಿವಾರ ಮಧ್ಯಾಹ್ನ ವ್ಯಾನು ಬಂತು. ಅವರೆಕಾಯಿಯ ಕಾಲ. ಹೋಟೆಲಿನ ಒಳಗೆಲ್ಲ ಸೊಗಡಿನ ವಾಸನೆ ಹರಡಿತ್ತು. ಕಡಲೆಕಾಯಿ ಆಗದವರು ಬಿಳಿಗೂದಲಿನ, ಎತ್ತರದ ಹೆಂಗಸು. ದೊಡ್ಡಮ್ಮನಿಗೆ ಕೈ ಮುಗಿದು ಒಳಗೆ ಬಂದರು. ಎಲ್ಲರೂ ನನ್ನ ಪಟ್ಟಿಯನ್ನು ಗಂಭೀರವಾಗಿ ಓದಿದರು. ಸಾಲ್ಟ್ ಸೂಪ್ ಕಡೆಗೆ ಒಬ್ಬರ ಬೆರಳೂ ಹೋಗಲಿಲ್ಲ. ಮ್ಯಾಡ್ ಸೆಸಮಿಯನ್ನು ಒಬ್ಬರು ಫೋಟೋ ತೆಗೆದುಕೊಂಡರು, ತಿನ್ನಲು ಕೇಳಲಿಲ್ಲ. ಡಂಪ್ಲಿಂಗ್ ಮಾತ್ರ ಎಲ್ಲರಿಗೂ ಬೇಕಾಯಿತು, ಅದರ ಜೊತೆಗೆ ಬಸ್ಸಾರು ಬಡಿಸಿದೆವು. ಆಮೇಲೆ ನಡೆದದ್ದೇ ಮೊದಲು ಹೇಳಿದ ಚಾಕುವಿನ ಪ್ರಸಂಗ. ಒಬ್ಬ ದಪ್ಪ ಮೀಸೆಯವರು ಎರಡು ಹೋಳು ಮಾಡಿ ಒಳಗೆ ಏನೂ ಸಿಗದೆ, ತಮಗೆ ಬಂದದ್ದು ಕೆಟ್ಟ ಮಾಲಿರಬೇಕೆಂದು ಪಕ್ಕದವರ ಮುದ್ದೆಯನ್ನೂ ಕೊಯ್ದು ನೋಡಿದರು. ಆಮೇಲೆ ಒಂದು ತುಂಡು ಬಾಯಿಗೆ ಹಾಕಿಕೊಂಡು ಅಗಿಯತೊಡಗಿದರು. ಅಗಿದರು, ಅಗಿದರು. ಹಲ್ಲಿಗೆ ಅಂಟಿದ್ದನ್ನು ನಾಲಗೆಯಿಂದ ಬಿಡಿಸಿಕೊಳ್ಳುತ್ತ ನನ್ನ ಕಡೆ ನೋಡಿದ ನೋಟವನ್ನು ಮಾತ್ರ ಯಾರ ಮುಂದೆಯೂ ಮಾಡಿ ತೋರಿಸಲು ನನ್ನಿಂದ ಆಗಿಲ್ಲ.

ಗಲ್ಲಾಪೆಟ್ಟಿಗೆಯ ಹಿಂದೆ ದೊಡ್ಡಪ್ಪನ ಮುಖ ಅರಳಿತ್ತು. ಅಡುಗೆಮನೆ ಬಾಗಿಲಲ್ಲಿ ದೊಡ್ಡಮ್ಮನ ಮುಖ ಬಾಡಿತ್ತು.

ಏನಾದರೂ ಮಾಡಿ ನಗಿಸಿದರೆ ಸರಿಹೋದೀತು ಎಂದು ನನಗೆ ಬಂದ ಒಂದೇ ವಿದ್ಯೆಯನ್ನು ಹೊರತೆಗೆದೆ. ಮೊದಲು ಮುಳಬಾಗಿಲು ಬಸ್ಸಿನ ಕಂಡಕ್ಟರನನ್ನು ಮಾಡಿದೆ. ಭಾಷೆ ಗೊತ್ತಿಲ್ಲದಿದ್ದರೂ ಅವರು ನಕ್ಕರು. ಮೇಡಮ್ಮೂ ನಕ್ಕರು. ಹುರುಪು ಏರಿತು. ಹೆಗಲಿಗೆ ಟವೆಲು ಹಾಕಿಕೊಂಡು, ಹೊಟ್ಟೆ ಮುಂದೆ ಬಿಟ್ಟು, ರಸ್ತೆಗೆ ಮುಖ ಮಾಡಿ ದೊಡ್ಡಪ್ಪನೇ ಆಗಿಬಿಟ್ಟೆ.

"ಬನ್ನಿ ಸಾಮಿ, ಬನ್ನಿ! ಡಾಲ್ಡಾ ಇಲ್ಲ, ಸೋಡಾ ಇಲ್ಲ! ಪಾಕೀಟು ಎಣ್ಣೆ ಈ ಕೈ ಮುಟ್ಟಿಲ್ಲ! ಶ್ರೀನಿವಾಸಪುರದ ಗಾಣದ ಕಡ್ಲೆಕಾಯಿ ಎಣ್ಣೆ ಸಾಮಿ, ಮೂಸಿ ನೋಡಿ!"

ಮೇಡಂ ನಗುತ್ತಿದ್ದವರು ತಟ್ಟನೆ ನಿಲ್ಲಿಸಿದರು.

"ಏನೆಣ್ಣೆ ಅಂದ್ರಿ?"

"ಕಡ್ಲೆ..."

ದೊಡ್ಡಪ್ಪನ ಹೊಟ್ಟೆ, ದೊಡ್ಡಪ್ಪನ ಹಲ್ಲುಕಿರಿತ ಎಲ್ಲ ನನ್ನ ಮೇಲೆಯೇ ಉಳಿದಿದ್ದವು. ಮೇಡಂ ಅಷ್ಟರಲ್ಲಿ ಬಿಳಿಗೂದಲಿನವರ ಕೈಯನ್ನು ಹಿಡಿದು ನಿಲ್ಲಿಸಿದ್ದರು. ಆ ಕೈಯಲ್ಲಿ ಸಾರಿನಲ್ಲಿ ಅದ್ದಿದ ಮೊದಲ ತುತ್ತು ಇತ್ತು. ಬಾಯಿಗೆ ಹೋಗಿರಲಿಲ್ಲ.

ಆ ತುತ್ತು ಎಲೆಗೆ ಮರಳಿ ಬಿತ್ತು. ಅವರು ಎದ್ದು ಹೋಗಿ ಸೋಪು ಹಾಕಿ ಕೈ ಚೆನ್ನಾಗಿ ತೊಳೆದುಕೊಂಡರು. ನಾನು ಅಡುಗೆಮನೆಗೆ ಓಡಿದೆ.

"ದೊಡ್ಡಮ್ಮ, ಸಾರಲ್ಲಿ ಕಡ್ಲೆಕಾಯಿ ಇದೆಯಂತೆ!"

"ಯಾವನ್ಲಾ ಹೇಳ್ದೋನು? ನಾನು ಕಡ್ಲೆಕಾಯಿ ಎಲ್ ಹಾಕಿದ್ದೀನಿ?"

"ಒಗ್ಗರಣೇಲಿ! ಎಣ್ಣೆ!"

"ಎಣ್ಣೆ ಎಣ್ಣೆ ಕಣೋ. ಒಗ್ಗರಣೇನ ಯಾರಾದ್ರೂ ಲೆಕ್ಕಕ್ಕೆ ಇಡ್ತಾರಾ..." ಎಂದವಳು ಅಲ್ಲಿಗೇ ನಿಂತಳು. ಎಣ್ಣೆಯ ಡಬ್ಬ ನೋಡಿದಳು. "ಅಯ್ಯೋ ನನ್ ಕರ್ಮ" ಎಂದು ಮಣೆಯ ಮೇಲೆ ಕೂತಳು.

ಅವಳದೊಬ್ಬಳದೇ ತಪ್ಪಲ್ಲ. ನಮ್ಮ ಕಡೆ ಯಾರ ಮನೆಗಾದರೂ ಹೋಗಿ ಸಾರಿಗೆ ಏನು ಹಾಕಿದ್ದೀರಿ ಎಂದು ಕೇಳಿ. ಹುರುಳಿಕಾಳು ಎನ್ನುತ್ತಾರೆ, ಅವರೆಕಾಳು ಎನ್ನುತ್ತಾರೆ. ಎಣ್ಣೆ ಹಾಕಿದ್ದೇವೆ ಎಂದವರು ಇದ್ದಾರಾ? ಸಾಸಿವೆ, ಇಂಗು, ಕರಿಬೇವು ಹಾಕಿದ್ದೇವೆ ಎಂದವರು? ಒಗ್ಗರಣೆ ಎಂದರೆ ಅಡುಗೆಗೆ ತೊಡಿಸುವ ಬಟ್ಟೆ ಇದ್ದ ಹಾಗೆ. ಮದುವೆಗೆ ಯಾರು ಬಂದಿದ್ದರು ಎಂದು ಕೇಳಿದರೆ ಬಟ್ಟೆ ಹಾಕಿಕೊಂಡು ಬಂದಿದ್ದರು ಎಂದು ಯಾರೂ ಸೇರಿಸುವುದಿಲ್ಲ. ದೊಡ್ಡಪ್ಪ ದಿನವೂ ರಸ್ತೆಗೆ ಕೇಳುವಂತೆ ಕೂಗುತ್ತಿದ್ದ ಎಣ್ಣೆಯ ಹೆಸರು, ನಾನು ದಿನವೂ ನಕಲು ಮಾಡುತ್ತಿದ್ದ ಅದೇ ಹೆಸರು, ಪಟ್ಟಿ ಬರೆಯುವಾಗ ನಮ್ಮ ಮೂವರಲ್ಲಿ ಒಬ್ಬರ ತಲೆಗೂ ಬರಲಿಲ್ಲ.

"ಕೆಲವು ಪಾಕೀಟು ಎಣ್ಣೇಲಿ ಕಾಯಿಸಿ ಸೋಸಿ ಎಲ್ಲ ತೆಗೆದಿರ್ತಾರೆ," ಎಂದರು ಮೇಡಂ. "ಗಾಣದ್ದರಲ್ಲಿ ಕಡಲೆಕಾಯಿದು ಅಂಶ ಹಾಗೇ ಉಳಿದಿರತ್ತೆ. ಇವ್ರಿಗೆ ಅದೇ ಅಪಾಯ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಹಿತವಾಗುತ್ತಿತ್ತು.

ಬಿಳಿಗೂದಲಿನವರು ತಮಗೆ ಒಂದು ಬಾಳೆಹಣ್ಣು ಸಾಕು ಎಂದರು. ಅದು ದೊಡ್ಡಮ್ಮನಿಗೆ ಬೈಗುಳದಂತೆ ಕೇಳಿರಬೇಕು. ಸೆರಗು ಸಿಕ್ಕಿಸಿ ಎದ್ದಳು. ಯಾವುದೋ ಮದುವೆಯಲ್ಲಿ ಬಂದ, ಚೀಟಿಯೂ ಕಿತ್ತಿರದ ಸ್ಟೀಲ್ ಪಾತ್ರೆಗಳನ್ನು ಅಟ್ಟದಿಂದ ಇಳಿಸಿದಳು. ಸೀಗೆಪುಡಿಯಲ್ಲಿ ಕೈಯನ್ನು ಮೊಣಕೈವರೆಗೆ ಉಜ್ಜಿದಳು.

"ಅವರನ್ನ ಬಾಗಿಲಲ್ಲಿ ಕೂರ್ಸು. ನಾನು ಹಾಕೋದೆಲ್ಲ ನೋಡ್ಲಿ. ನೀನು ಒಂದೊಂದೂ ಬಾಯ್ಬಿಟ್ಟು ಹೇಳು. ನಿನ್ನ ನಾಟಕದ ಇಂಗ್ಲಿಷ್ ಬೇಡ, ಸೀದಾ ಇಂಗ್ಲಿಷು."

ಹೊಸ ಪಾತ್ರೆಗೆ ನೀರು. ನೀರು ಎಂದೆ. ಆಗಷ್ಟೇ ಸುಲಿದ ಅವರೆಕಾಳು. ಅದರ ಇಂಗ್ಲಿಷ್ ಹೆಸರನ್ನು ಫೋನಿನಲ್ಲಿ ಹುಡುಕಿ ತೋರಿಸಿದೆ. ಅವರು ಸ್ವಲ್ಪ ಯೋಚಿಸಿ, ಬೇರೆ ಕಾಳುಗಳು ತಮಗೆ ತೊಂದರೆ ಮಾಡಿಲ್ಲ ಎಂದರು. ಉಪ್ಪು. ಒರಳಿನಲ್ಲಿ ಚಟ್ನಿಯ ಕಡಲೆಕಾಯಿ ರುಬ್ಬುವುದರಿಂದ ಅದನ್ನು ಮುಟ್ಟದೆ, ಮೆಣಸು, ಜೀರಿಗೆಯನ್ನು ಹೊಸ ಲೋಟದ ತಳದಿಂದ ತಟ್ಟೆಯಲ್ಲೇ ಜಜ್ಜಿದಳು. ಒಗ್ಗರಣೆ ಇಲ್ಲ. ಇನ್ನೊಂದು ಪಾತ್ರೆಯಲ್ಲಿ ರಾಗಿಹಿಟ್ಟು, ನೀರು. ಹೊಸ ಸೌಟಿನ ಹಿಡಿಯಲ್ಲೇ ತಿರುವಿ, ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಿದಳು. ಮೇಲೆ ಮನೆಯ ಬೆಣ್ಣೆ. ಬಿಳಿಗೂದಲಿನವರು ಒಂದೊಂದಕ್ಕೂ ತಲೆಯಾಡಿಸುತ್ತ ಕೂತಿದ್ದರು. ಉಣ್ಣುವಾಗ ದೊಡ್ಡಮ್ಮ ಎದುರಿಗೆ ಕೂತು, ಚೂರು ಮುರಿದು, ಅದ್ದಿ, ಬಾಯಿಗೆ ಹಾಕಿಕೊಂಡು, ಗುಳುಕ್ಕನೆ ನುಂಗಿ ತೋರಿಸಿದಳು. ಅವರೂ ನುಂಗಿದರು. ಕಣ್ಣು ದೊಡ್ಡದಾಯಿತು. ಇನ್ನೊಂದು ತುತ್ತು ಮುರಿದರು. ದಪ್ಪ ಮೀಸೆಯವರೂ ಬಂದು ಪಕ್ಕದಲ್ಲಿ ಕೂತು ನುಂಗಲು ಕಲಿತರು.

ಹೊರಡುವಾಗ ಮೇಡಂ ನನ್ನ ಪಟ್ಟಿಯನ್ನು ನನ್ನ ಕೈಗೇ ಕೊಟ್ಟರು.

"ಮುಂದಿನ ಶನಿವಾರ ಇನ್ನೊಂದು ಸಲ ಬರ್ತೀನಿ. ಪಾತ್ರೆಗೆ ಬೀಳೋದೆಲ್ಲ ಹಾಳೆ ಮೇಲೆ ಇದ್ರೆ, ಸೀಸನ್ ಪೂರ್ತಿ ಇಲ್ಲೇ ಊಟ. ಇಲ್ದಿದ್ರೆ ಕೋಲಾರದಲ್ಲಿ ಬೇರೆ ಜಾಗ ನೋಡ್ಕೋತೀನಿ. ಬೇಜಾರ್ ಮಾಡ್ಕೋಬೇಡಿ."

ವ್ಯಾನು ತಿರುಗುವ ಮೊದಲೇ ದೊಡ್ಡಪ್ಪ ಫೋನು ತೆಗೆದರು. "ಮಾಸ್ಟರ್, ಶನಿವಾರ ಬಂದ್ಬಿಡಪ್ಪ, ಒಲೆ ನೋಡ್ಕೊಂಡು ಹೋಗು."

ಆ ವಾರ ನಾನು ಎಲೆ ಹಾಕಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಕೂತು, ದೊಡ್ಡಮ್ಮನ ಕೈ ಯಾವ ಡಬ್ಬಕ್ಕೆ ಹೋಗುತ್ತದೋ ಅದನ್ನು ಬರೆದುಕೊಂಡೆ. ಅವಳ ಬಾಯಿ ಹೇಳಿದ್ದಕ್ಕೂ ಕೈ ಮಾಡಿದ್ದಕ್ಕೂ ಸಂಬಂಧವೇ ಇರಲಿಲ್ಲ. ಕಾರಕ್ಕೆ ಏನು ಎಂದರೆ ಮೆಣಸಿನಕಾಯಿ, ಬೆಳ್ಳುಳ್ಳಿ ಎನ್ನುವಳು. ಕೈ ಮಾತ್ರ ಜೀರಿಗೆ, ಕೊಬ್ಬರಿ, ಹುಣಸೆ, ಬೆಂದ ಕಾಳಿನ ಒಂದು ಹಿಡಿ ಎಂದು ಸುತ್ತಾಡಿ ಬರುತ್ತಿತ್ತು.

"ಉಪ್ಪೂ ಬರೀತೀಯೇನ್ಲಾ?"

"ಬರೀತೀನಿ."

"ನೀರೂ ಬರಿ. ನಾನು ಸುರಿಸಿದ ಬೆವರೂ ಬರಿ."

ಇಂಗಿನ ಡಬ್ಬವನ್ನು ಸುಮ್ಮನೆ ತಿರುಗಿಸಿ ಓದಿದೆ. ಇರುವೆ ಸಾಲಿನಂಥ ಅಕ್ಷರದಲ್ಲಿ ಗೋಧಿಹಿಟ್ಟು ಎಂದಿತ್ತು. ಇಂಗಿನಲ್ಲಿ ಗೋಧಿ! ಗೋಧಿ ಆಗದವರು ರಾಗಿಯಿದೆಯೆಂದು ನಂಬಿ ನಮ್ಮಲ್ಲಿಗೆ ಬಂದರೆ, ಸಾರು ಕೈಕೊಡುತ್ತಿತ್ತು. ಅದನ್ನೂ ಬರೆದೆ. ಅಂದಿನಿಂದ ಹೆದರಿ ಹೋಟೆಲಿನ ಪ್ರತಿ ಪೊಟ್ಟಣದ ಬೆನ್ನು ಓದತೊಡಗಿದೆ. ಎಣ್ಣೆಯ ವಿಷಯದಲ್ಲಿ ದೊಡ್ಡಮ್ಮ ತಾನೇ ತೀರ್ಮಾನ ಮಾಡಿದಳು. ಗಾಣದ ಎಣ್ಣೆ ಬಿಡುವುದಿಲ್ಲ, ಶನಿವಾರ ಮಾತ್ರ ಬೇರೆ ಪಾತ್ರೆಯಲ್ಲಿ ಒಗ್ಗರಣೆಯಿಲ್ಲದ ಸಾರು.

ಹೊಸ ಪಟ್ಟಿಯಲ್ಲಿ ಬಸ್ಸಾರು ಬಸ್ಸಾರೇ ಆಯಿತು, ಇಂಗ್ಲಿಷ್ ಅಕ್ಷರದಲ್ಲಿ. ತಿಂದವರು ಇನ್ನೊಂದು ಸಲ ಕೇಳಬೇಕಾದರೆ ಅವರ ಬಾಯಿಗೆ ಒಂದು ಹೆಸರು ಬೇಡವೇ? ಅದರ ಕೆಳಗೆ ಸಣ್ಣ ಮಾತಿನಲ್ಲಿ ಅದು ಏನು, ಖಾರ ಎಷ್ಟು, ಹೇಗೆ ಉಣ್ಣಬೇಕು. ಆಮೇಲೆ ಪಾತ್ರೆಗೆ ಬಿದ್ದ ಕ್ರಮದಲ್ಲೇ ಸಾಮಾನು. ಕಡಲೆಕಾಯಿ, ಎಳ್ಳು, ಗೋಧಿ, ಹಾಲು, ಸಾಸಿವೆ ಇವು ದಪ್ಪ ಅಕ್ಷರದಲ್ಲಿ. ಸೊಪ್ಪಿನ ಜಾಗ ಖಾಲಿ ಬಿಟ್ಟು, 'ಇಂದಿನ ಸೊಪ್ಪು ಹಲಗೆಯ ಮೇಲೆ ನೋಡಿ' ಎಂದು ಬರೆದೆ. ಮುದ್ದೆಗೆ ಬರೆದದ್ದು ನನಗೆ ಇವತ್ತಿಗೂ ಇಷ್ಟ: 'ರಾಗಿಹಿಟ್ಟನ್ನು ನೀರಿನಲ್ಲಿ ಬೇಯಿಸಿ ಕಟ್ಟಿದ ಉಂಡೆ. ಒಳಗೆ ಏನೂ ಇಲ್ಲ. ಅಗಿಯಬೇಡಿ, ಸಾರಿನಲ್ಲಿ ಅದ್ದಿ ನುಂಗಿ.'

ಮೇಡಂ ಅದನ್ನು ನಮ್ಮ ಊಟ ಕಂಡೇ ಇರದ ತಮ್ಮ ಗೆಳತಿಯೊಬ್ಬರಿಗೆ ಕಳಿಸಿ, ಇದನ್ನು ಓದಿದರೆ ತಟ್ಟೆಗೆ ಏನು ಬರುತ್ತದೆ ಎಂದು ಕೇಳಿದರಂತೆ. ಉಪ್ಸಾರನ್ನು ಬಟ್ಟಲಲ್ಲಿ ಕುಡಿಯುವುದು ಎಂದು ಆಕೆ ತಿಳಿದರು. ಹಾಗಾಗಿ ಅದರ ಕೆಳಗೆ 'ಪಕ್ಕದಲ್ಲಿ ಕೊಡುವ ಕಾರವನ್ನು ರುಚಿಗೆ ತಕ್ಕಷ್ಟು ಕಲಸಿಕೊಂಡು ಮುದ್ದೆಯೊಡನೆ ಉಣ್ಣಿ' ಎಂದು ಸೇರಿಸಿದೆ.

ಶನಿವಾರ ಬೇರೆ ತಂಡ ಬಂತು. ಕೂತರು, ಓದಿದರು, ಒಬ್ಬಾಕೆ ಹಾಲು ಆಗುವುದಿಲ್ಲವೆಂದು ತಾನೇ ಬೆಣ್ಣೆಯ ಸಾಲಿನ ಮೇಲೆ ಬೆರಳಿಟ್ಟು ಬೇಡ ಎಂದಳು. ಪಕ್ಕದ ಕನ್ನಡ ಓದಿ ನಮ್ಮ ಹುಡುಗ ಬೆಣ್ಣೆಯಿಲ್ಲದ ಮುದ್ದೆ ತಂದ. ಚಾಕು ಯಾರೂ ಕೇಳಲಿಲ್ಲ. ಉಪ್ಸಾರು ಎರಡನೆಯ ಸಲ ಬೇಕೆಂದು ಕೂಗಿದವರು ಅದನ್ನು 'ಉಪ್ಪೂ ಸಾರೂ' ಎಂದು ಎಳೆದರು. ಅವರನ್ನು ಅಣಕಿಸಲು ನನಗೆ ನಾಲಗೆ ತುರಿಸಿತು, ಅನ್ನ ಕೊಡುವ ಬಾಯೆಂದು ಸುಮ್ಮನಾದೆ.

ಅಷ್ಟರಲ್ಲಿ ಮಾಲೂರಿನ ಮಾಸ್ಟರು ಬಂದ. ಕೈಯಲ್ಲಿ ಕೆಂಪು, ಕಪ್ಪು, ಹಸಿರು ಸಾಸಿನ ಬಾಟಲಿಗಳ ಚೀಲ. ಒಳ್ಳೆಯ ಹುಡುಗ, ನಗುಮುಖ. ಬಂದವನೇ ಒಲೆಯ ಅಗಲವನ್ನು ಗೇಣು ಹಾಕಿ ಅಳೆಯತೊಡಗಿದ. ಮೇಡಂ ಸೀಸನ್ನಿನ ಮಾತು ಎತ್ತುವ ಮೊದಲೇ ದೊಡ್ಡಪ್ಪ ಎಲ್ಲರಿಗೂ ಕೇಳುವಂತೆ ಶುರು ಮಾಡಿದರು.

"ಏಂಟ್ರಾ ಈ ಗೋಲ, ಏನಿದು ಗಲಾಟೆ? ಒಂದು ಮುದ್ದೆ ಉಣ್ಸಕ್ಕೆ ಒಂದು ಪುರಾಣ ಬರೀಬೇಕಾ? ನೂಡಲ್ಸ್ ಅಂದ್ರೆ ಯಾವ ದೇಶದೋನಿಗೂ ಗೊತ್ತು. ಬರೆಯೋದೂ ಬೇಡ, ಓದೋದೂ ಬೇಡ. ಇವಳೇ, ಇವತ್ತಿಂದ ಒಲೆ ಮಾಸ್ಟರ್‌ಗೆ ಬಿಟ್ಕೊಡು."

ದೊಡ್ಡಮ್ಮ ಸೌಟು ತಟ್ಟಲಿಲ್ಲ. ಕೈ ಒರೆಸಿಕೊಂಡು ಬಂದು, ಚೀಲದಿಂದ ಕಪ್ಪು ಬಾಟಲಿಯೊಂದನ್ನು ಎತ್ತಿ ಮಾಸ್ಟರನ ಮುಂದೆ ಹಿಡಿದಳು.

"ಇದ್ರಲ್ಲಿ ಏನೇನಿದೆ ಹೇಳಪ್ಪ."

ಅವನು ಬಾಟಲಿಯನ್ನು ಒಮ್ಮೆ, ದೊಡ್ಡಪ್ಪನನ್ನು ಒಮ್ಮೆ ನೋಡಿದ. "ಸಾಸ್ ಅಕ್ಕ."

"ಸಾಸಲ್ಲಿ?"

"ಸಾಸೇ ಅಕ್ಕ."

ಮೇಡಂ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ದೊಡ್ಡಮ್ಮ ಬಾಟಲಿಯನ್ನು ತೆಗೆದುಕೊಂಡು ಹೋಗಿ ದೊಡ್ಡಪ್ಪನ ಗಲ್ಲಾಪೆಟ್ಟಿಗೆಯ ಮೇಲಿಟ್ಟಳು.

"ನನ್ನ ಸಾರಲ್ಲಿ ಏನಿದೆ ಅಂತ ಉಪ್ಪಿನವರೆಗೂ ಬರ್ಸಿಟ್ಟಿದ್ದೀನಿ, ಪರದೇಶದೋರು ಓದ್ಕೊಂಡು ಉಣ್ತಾವ್ರೆ. ನಿಮ್ಮ ಬಾಟ್ಲಿದು ನೀವು ಓದಿ ಹೇಳಿ, ಒಲೆ ಈಗ್ಲೇ ಬಿಟ್ಕೊಡ್ತೀನಿ."